ಕೇಜಿಗೆ ನಾಲ್ಕರ ಬದಲು ಮೂರು ಕೋಳಿ ಹಾಕಿದರೆ ಸಾಕಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಮುಧೋಳ ಹತ್ತಿರದವರು. ನನ್ನ ತಮ್ಮ 10,000 ಲೇಯರ್ ಕೋಳಿಯ ಶೆಡ್ ಹಾಕಬೇಕು ಅಂತ ಬ್ಯಾಂಕಿಗೆ ಓಡಾಡುತ್ತಿದ್ದಾನೆ. ಕಾಲೇಜಿಗೆ ಹೋಗುವ ನನ್ನ ಮಗಳು ಇದು ತಪ್ಪು ಅಂತ ಮಾವನ ಜೊತೆ ಜಗಳ ತೆಗೆದಿದ್ದಾಳೆ. "ಕೇಜಿಗೆ 4 ಹಾಕುವಲ್ಲಿ 3 ಹಾಕ್ತೀನಿ, ಕೋಳಿಗೆ ತ್ರಾಸ್ ಆಗಲ್ಲ, ಆಯ್ತಲ್ಲ" ಅಂತಾನೆ ತಮ್ಮ. "ತ್ರಾಸ್ ಆಗದಿದ್ದರೂ ತಪ್ಪೇ, ಕೋಳಿ ಏನು ಮಷೀನಾ" ಅಂತಾಳೆ ಮಗಳು. ನನಗೆ ಇಬ್ಬರ ಮಾತೂ ಸರಿ ಅನಿಸುತ್ತದೆ. ಯಾರದು ಸರಿ?

ಉತ್ತರ: ಅಕ್ಕಾ, ಮೊದಲು ಅಳತೆ ತೆಗೆದುಕೊಳ್ಳೋಣ. ವಾದ ಆಮೇಲೆ.

ನಮ್ಮ ವಿಜಯಪುರದ ಕಡೆ ನಾನು ಒಳಗೆ ಹೋಗಿ ನೋಡಿದ ಶೆಡ್ಡಿನಲ್ಲಿ ಕೇಜು 18 ಇಂಚು ಅಗಲ, 15 ಇಂಚು ಆಳ ಇತ್ತು. ನಿಮ್ಮ ತಮ್ಮ ಹೇಳುವುದೂ ಬಹುಶಃ ಅದೇ ಅಳತೆ ಇರಬೇಕು. ನಾಲ್ಕು ಕೋಳಿ ಹಾಕಿದರೆ ಒಂದಕ್ಕೆ ಸಿಗುವ ಜಾಗ ಸುಮಾರು 435 ಚದರ ಸೆಂಟಿಮೀಟರ್. ಝೆರಾಕ್ಸ್ ಅಂಗಡಿಯ ಎ4 ಹಾಳೆ ಇದೆಯಲ್ಲ, ಅದು 624. ಅಂದರೆ ಒಂದು ಹಾಳೆಯ ಮುಕ್ಕಾಲು ಭಾಗವೂ ಕೋಳಿಗೆ ಸಿಗುವುದಿಲ್ಲ. ಮೂರು ಹಾಕಿದರೆ 580 ಆಗುತ್ತದೆ. ಆಗಲೂ ಹಾಳೆಗಿಂತ ಕಡಿಮೆಯೇ.

ಈ ಅಂಕಿ ಜಾಸ್ತಿಯೋ ಕಮ್ಮಿಯೋ ಅಂತ ಊಹೆ ಮಾಡಬೇಕಾಗಿಲ್ಲ. 1989ರಲ್ಲಿ ಇಂಗ್ಲೆಂಡಿನಲ್ಲಿ ಮರಿಯನ್ ಡಾಕಿನ್ಸ್ ಮತ್ತು ಹಾರ್ಡಿ ಎಂಬ ಇಬ್ಬರು ಸಂಶೋಧಕರು ಕೋಳಿಗಳನ್ನು ಮೇಲಿನಿಂದ ಚಿತ್ರ ತೆಗೆದು, ಯಾವ ಕೆಲಸಕ್ಕೆ ಎಷ್ಟು ಜಾಗ ಬೇಕು ಅಂತ ಅಳೆದರು. ಸುಮ್ನೆ ನಿಲ್ಲಲು ಸರಾಸರಿ 475 ಚದರ ಸೆಂಟಿಮೀಟರ್ ಬೇಕು. ಒಂದು ಸುತ್ತು ತಿರುಗಲು ಸುಮಾರು 1,270. ರೆಕ್ಕೆ ಬಡಿಯಲು 1,870ಕ್ಕೂ ಹೆಚ್ಚು. ಅವರು ಅಳೆದದ್ದು ಕಂದು ಬಣ್ಣದ, ಸ್ವಲ್ಪ ದಪ್ಪ ತಳಿ. ನಮ್ಮ ಬಿಳಿ ಲೇಯರ್ ಅದಕ್ಕಿಂತ ಹಗುರ, ಹಾಗಾಗಿ ಒಂದಿಷ್ಟು ಕಡಿಮೆ ಹಿಡಿಯಿರಿ. ಹಿಡಿದರೂ ಚಿತ್ರ ಬದಲಾಗುವುದಿಲ್ಲ. ನಾಲ್ಕಿದ್ದಾಗ ಕೋಳಿಗೆ ನಿಲ್ಲುವುದೇ ಇಕ್ಕಟ್ಟು. ಮೂರಿದ್ದಾಗ ನೆಟ್ಟಗೆ ನಿಲ್ಲಬಹುದು. ಪಕ್ಕದವಳನ್ನು ತಳ್ಳದೆ ತಿರುಗಲು ಆಗುವುದಿಲ್ಲ. ರೆಕ್ಕೆಯನ್ನಂತೂ ಎರಡೂ ಲೆಕ್ಕದಲ್ಲಿ ಬಿಚ್ಚಲಾಗುವುದಿಲ್ಲ.

ಈಗ ನಿಮ್ಮ ತಮ್ಮನ ಮಾತಿಗೆ ಬರುತ್ತೇನೆ. "ತ್ರಾಸ್ ಆಗಬಾರದು" ಅನ್ನುವುದು ಸಣ್ಣ ಮಾತಲ್ಲ. ಅವನಿಗೆ ಗೊತ್ತಿಲ್ಲದೆಯೇ ಒಂದು ದೊಡ್ಡ ಪರಂಪರೆಯ ಮಾತು ಆಡಿದ್ದಾನೆ. ಇಂಗ್ಲೆಂಡಿನ ತತ್ವಜ್ಞಾನಿ ಜೆರೆಮಿ ಬೆಂಥಮ್ 1789ರಲ್ಲೇ ಹೇಳಿದ್ದ: ಪ್ರಾಣಿ ಯೋಚನೆ ಮಾಡುತ್ತದಾ, ಮಾತಾಡುತ್ತದಾ ಅಂತ ಕೇಳಬೇಡಿ, ಅದಕ್ಕೆ ನೋವಾಗುತ್ತದಾ ಅಂತ ಕೇಳಿ. ಆಸ್ಟ್ರೇಲಿಯಾದ ಪೀಟರ್ ಸಿಂಗರ್ 1975ರಲ್ಲಿ ಇದನ್ನೇ ಹಿಡಿದು ಕೋಳಿ ಫಾರ್ಮ್, ಹಂದಿ ಫಾರ್ಮ್‌ಗಳ ಮೇಲೆ ಪ್ರಯೋಗಿಸಿದ. ಇದನ್ನು ಸಂವೇದನೆಯ ವಾದ ಅನ್ನೋಣ. ನೋವು, ಸುಖ ಗೊತ್ತಾಗುವ ಯಾವುದೇ ಜೀವದ ನೋವನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಷ್ಟೇ ಪ್ರಮಾಣದ ನೋವು ಮನುಷ್ಯನಿಗೆ ಆದರೆ ಎಷ್ಟು ತೂಕವೋ ಕೋಳಿಗೆ ಆದರೂ ಅಷ್ಟೇ ತೂಕ. ಕೋಳಿಗೂ ನಮಗೂ ಒಂದೇ ಉಪಚಾರ ಅಂತಲ್ಲ. ಕೋಳಿಗೆ ಶಾಲೆ ಬೇಕಿಲ್ಲ, ಓಟು ಬೇಕಿಲ್ಲ. ಅದಕ್ಕೆ ಏನು ಬೇಕೋ ಅದು ನಮ್ಮ ತಕ್ಕಡಿಯಲ್ಲಿ ಕೂಡಬೇಕು.

ಅದಕ್ಕೆ ಏನು ಬೇಕು? ಇಲ್ಲಿ ನನ್ನ ಆಯಿಯ ಹಿತ್ತಲು ನೆನಪಾಗುತ್ತದೆ. ಅವರ ಹತ್ತಿರ ಐದಾರು ಜವಾರಿ ಕೋಳಿ ಇದ್ದವು. ತತ್ತಿ ಇಡುವ ಹೊತ್ತು ಬಂತು ಅಂದರೆ ಕೋಳಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕೊಕ್ಕೊಕ್ಕೋ ಅಂತ ಒಂದೇ ಸಮನೆ ಸದ್ದು ಮಾಡುತ್ತಾ ಗ್ವಾದಲಿ ಕೆಳಗೆ ಇಣುಕುತ್ತಿತ್ತು, ಬುಟ್ಟಿ ಹತ್ತಿ ಇಳಿಯುತ್ತಿತ್ತು. ಕೊನೆಗೆ ಕಣಕಿ ಬಣವಿಯ ಬುಡದಲ್ಲಿ ಕತ್ತಲಿರುವ ಒಂದು ಸಂದಿ ಹುಡುಕಿ, ಕಾಲಿನಿಂದ ಕೆದರಿ, ಎದೆ ಒತ್ತಿ ತಗ್ಗು ಮಾಡಿಕೊಂಡು ಕೂರುತ್ತಿತ್ತು. ಆಯಿ ಬೆಳಿಗ್ಗೆ ಆ ಸಂದಿಗೆ ಮೊಳಕೈವರೆಗೆ ಕೈ ಹಾಕಿ ತತ್ತಿ ತೆಗೆಯುತ್ತಿದ್ದರು.

ಶೆಡ್ಡಿನಲ್ಲಿ ನಾನು ನೋಡಿದ್ದು ಇದೇ ಆಟದ ಮೊದಲ ಅರ್ಧ. ಬಿಳಿ ಕೋಳಿಯೊಂದು ಅದೇ ಸದ್ದು ಮಾಡುತ್ತಾ ಉಳಿದವುಗಳ ಮೈ ಮೇಲೆ ಹತ್ತುತ್ತಿತ್ತು, ತಲೆಯನ್ನು ಸರಳಿನ ಹೊರಗೆ ಹಾಕಿ ತೆಗೆಯುತ್ತಿತ್ತು. ಕೆಳಗೆ ಇಳಿಜಾರಿನ ತಂತಿ, ಕೆದರಲು ಏನೂ ಇಲ್ಲ. ಆಮೇಲೆ ನಿಂತುಕೊಂಡೇ ತತ್ತಿ ಹಾಕಿತು, ತತ್ತಿ ಉರುಳಿ ಮುಂದಿನ ದೋಣಿಗೆ ಹೋಯಿತು. ಇದು ಪ್ರತಿದಿನ, ಆ ಶೆಡ್ಡಿನ ಪ್ರತಿ ಕೋಳಿಗೂ.

"ನಿಮಗೆ ಹಾಗನಿಸಿತು, ಕೋಳಿಗೆ ಏನನಿಸಿತೋ ಯಾರಿಗೆ ಗೊತ್ತು" ಅಂತ ನಿಮ್ಮ ತಮ್ಮ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಮನುಷ್ಯರ ಕಣ್ಣಿಗೆ ಕಂಡದ್ದೆಲ್ಲ ಸರಿ ಇರುವುದಿಲ್ಲ. 1965ರಲ್ಲಿ ಬ್ರಿಟನ್ ಸರ್ಕಾರದ ಬ್ರ್ಯಾಂಬೆಲ್ ಸಮಿತಿ, ಕೇಜಿನ ತಳಕ್ಕೆ ತೆಳುವಾದ ಆರು ಮೂಲೆಯ ಜಾಲರಿ ಹಾಕಬೇಡಿ, ಕೋಳಿಯ ಕಾಲಿಗೆ ಚುಚ್ಚುತ್ತದೆ ಅಂತ ಶಿಫಾರಸು ಮಾಡಿತ್ತು. 1973ರಲ್ಲಿ ಹ್ಯೂಸ್ ಮತ್ತು ಬ್ಲ್ಯಾಕ್ ಎಂಬವರು ಕೋಳಿಗಳಿಗೇ ಆಯ್ಕೆ ಬಿಟ್ಟರು. ಕೋಳಿಗಳು ದಪ್ಪ ತಂತಿಗಿಂತ ಆ ತೆಳು ಜಾಲರಿಯ ಮೇಲೇ ಹೆಚ್ಚು ಹೊತ್ತು ನಿಂತವು. ಸಮಿತಿಯ ಅಂದಾಜು ತಪ್ಪಿತ್ತು. ಅಲ್ಲಿಂದ ಈ ಕ್ಷೇತ್ರದಲ್ಲಿ ಒಂದು ರೂಢಿ ಬೆಳೆಯಿತು: ಕೋಳಿಗೆ ಏನು ಬೇಕೋ ಕೋಳಿಯನ್ನೇ ಕೇಳು. ಬಾಗಿಲಿಗೆ ಭಾರ ಕಟ್ಟು, ಭಾರ ಏರಿಸುತ್ತಾ ಹೋಗು, ಎಲ್ಲಿಯವರೆಗೆ ತಳ್ಳುತ್ತದೆ ನೋಡು.

ಗೂಡಿನ ವಿಷಯದಲ್ಲಿ ಹೀಗೆ ಕೇಳಿದಾಗ ಉತ್ತರ ಸ್ಪಷ್ಟವಾಗಿ ಬಂತು. ತತ್ತಿ ಇಡುವ ಮುಂಚೆ ಕೋಳಿ ಗೂಡಿಗಾಗಿ ತಳ್ಳುವ ಬಲ, ಹಸಿದಾಗ ಕಾಳಿಗಾಗಿ ತಳ್ಳುವ ಬಲಕ್ಕೆ ಕಡಿಮೆ ಇಲ್ಲ. ಅಂದರೆ ಗೂಡು ಕೋಳಿಗೆ ಒಂದು ಸೌಕರ್ಯ ಅಷ್ಟೇ ಅಲ್ಲ, ಹಸಿವಿನಷ್ಟು ಜೋರಾದ ಒತ್ತಡ. ನಿಮ್ಮ ತಮ್ಮ ಒಂದು ಕೋಳಿ ಕಡಿಮೆ ಮಾಡಿದರೆ ನೂಕಾಟ ಕಡಿಮೆ ಆಗಬಹುದು, ಗರಿ ಕಿತ್ತುಕೊಳ್ಳುವುದೂ ಸ್ವಲ್ಪ ತಗ್ಗಬಹುದು. ಗೂಡು ಮಾತ್ರ ಬರುವುದಿಲ್ಲ. ಮೂಳೆಯ ಸಮಸ್ಯೆಯೂ ಹಾಗೇ ಉಳಿಯುತ್ತದೆ. ಒಂದು ತತ್ತಿಯ ಸಿಪ್ಪೆಗೆ ಎರಡು ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಬೇಕು. ವರ್ಷಕ್ಕೆ 300 ತತ್ತಿ ಇಡುವ ಹಾಗೆ ಬೆಳೆಸಿದ ತಳಿ ಅದರಲ್ಲಿ ಒಂದು ಪಾಲನ್ನು ತನ್ನ ಎಲುಬಿನಿಂದಲೇ ಕೊಡುತ್ತದೆ. ಓಡಾಟ ಇಲ್ಲದ ಎಲುಬು ಗಟ್ಟಿ ಆಗುವುದೂ ಇಲ್ಲ. ಬ್ಯಾಚ್ ಮುಗಿದಾಗ ಕಾಲು ಹಿಡಿದು ಹೊರಗೆಳೆಯುವಾಗ ಲಟಕ್ ಅನ್ನುವುದು ಅದೇ ಎಲುಬು.

ಇನ್ನೊಂದು ಲೆಕ್ಕ ಹೇಳುತ್ತೇನೆ. 20ನೇ ವಾರದಿಂದ 80ನೇ ವಾರದವರೆಗೆ ಅಂದರೆ 420 ದಿನ. ಅಷ್ಟರಲ್ಲಿ ಒಂದು ಕೋಳಿ ಸುಮಾರು 340 ತತ್ತಿ ಇಡುತ್ತದೆ ಅಂತ ಹಿಡಿದರೆ, ಒಂದು ತತ್ತಿಯ ಹಿಂದೆ ಕೇಜಿನಲ್ಲಿ ಕಳೆದ ಸುಮಾರು 30 ತಾಸು ಇರುತ್ತದೆ. ಸಂವೇದನೆಯ ವಾದ ನಿಮ್ಮ ಮುಂದೆ ಇಡುವ ತಕ್ಕಡಿ ಇದು. ಒಂದು ಕಡೆ ಆ 30 ತಾಸು, ಇನ್ನೊಂದು ಕಡೆ ಕೇಜ್ ಇಲ್ಲದೆ ಸಾಕಿದರೆ ತತ್ತಿಗೆ ಏರುವ ಬೆಲೆ. ಮನಸ್ಸಿಟ್ಟು ತೂಗಿದರೆ ಕೇಜಿನ ಪರವಾಗಿ ಮುಳ್ಳು ನಿಲ್ಲುವುದು ನನಗೆ ಕಾಣುವುದಿಲ್ಲ. ನಿಮ್ಮ ತಮ್ಮ ತಾನೇ ಹಿಡಿದ ಅಳತೆಗೋಲಿನಿಂದಲೇ ಮೂರು ಕೋಳಿಯ ಕೇಜು ಪಾಸಾಗುವುದಿಲ್ಲ.

ಹಾಗಾದರೆ ಕೇಜು ಬಿಟ್ಟು ನೆಲದ ಮೇಲೆ ಹೊಟ್ಟು ಹಾಸಿ, ಗೂಡು ಇಟ್ಟು, ಕೂರಲು ಗಳ ಕಟ್ಟಿ ಸಾಕಿದರೆ? ನಿಮ್ಮ ಮಗಳ ಮಾತು ನಿಜಕ್ಕೂ ಶುರುವಾಗುವುದು ಇಲ್ಲಿ. ಅಷ್ಟು ಮಾಡಿದರೂ ತಪ್ಪು ಅನ್ನುತ್ತಿದ್ದಾಳೆ ಅವಳು. ಯಾಕೆ ಅಂತ ತಿಳಿಯಲು ಶೆಡ್ ಬಿಟ್ಟು ಹ್ಯಾಚರಿಗೆ ಹೋಗಬೇಕು.

ನಿಮ್ಮ ತಮ್ಮ 10,000 ಹೆಣ್ಣು ಮರಿ ತರುತ್ತಾನೆ. ತತ್ತಿ ಒಡೆದು ಬರುವ ಮರಿಗಳಲ್ಲಿ ಅರ್ಧ ಗಂಡು. ಹಾಗಾಗಿ ಅವನ ಶೆಡ್ ತುಂಬಲು ಎಲ್ಲೋ ಒಂದು ಕಡೆ ಸುಮಾರು 10,000 ಗಂಡು ಮರಿಯೂ ಹುಟ್ಟಿರುತ್ತವೆ. ಅವು ತತ್ತಿ ಇಡುವುದಿಲ್ಲ. ಬ್ರಾಯ್ಲರ್ ತಳಿ ಅಲ್ಲವಾದ್ದರಿಂದ 40 ದಿನಕ್ಕೆ ಎರಡು ಕಿಲೋ ತೂಗುವುದೂ ಇಲ್ಲ. ಫೀಡಿನ ಖರ್ಚೂ ಹುಟ್ಟುವುದಿಲ್ಲ ಅಂತ ಲೇಯರ್ ಉದ್ಯಮದಲ್ಲಿ ಅವನ್ನು ಸಾಮಾನ್ಯವಾಗಿ ಹುಟ್ಟಿದ ದಿನವೇ ಮುಗಿಸುತ್ತಾರೆ. ಶೆಡ್ ಕೇಜಿನದೋ ಹೊಟ್ಟಿನದೋ, ಈ ಲೆಕ್ಕ ಬದಲಾಗುವುದಿಲ್ಲ.

ಈಗ ಸಂವೇದನೆಯ ವಾದಕ್ಕೆ ಕಷ್ಟ ಶುರು. ಮರಿಯನ್ನು ಅರೆದು ಮುಗಿಸುವ ವೇಗದ ಯಂತ್ರದಲ್ಲಿ ಸಾವು ಒಂದು ಕ್ಷಣದ ಒಳಗೆ ಆಗುತ್ತದೆ. ನೋವು ಇಲ್ಲ ಅನ್ನುವಷ್ಟು ಕಡಿಮೆ ಮಾಡಬಹುದು. ನೋವೇ ಇಲ್ಲದಿದ್ದರೆ ತಕ್ಕಡಿಗೆ ಏನು ಹಾಕುವುದು? ಸಿಂಗರ್ ಇದನ್ನು ಮುಚ್ಚಿಡಲಿಲ್ಲ, ನೇರವಾಗಿ ಎದುರಿಸಿದ. ತನ್ನ ನಾಳೆಯ ಬಗ್ಗೆ ಅರಿವಿಲ್ಲದ ಪ್ರಾಣಿ ಚೆನ್ನಾಗಿ ಬದುಕಿ, ನೋವಿಲ್ಲದೆ ಸತ್ತು, ಅದರ ಜಾಗಕ್ಕೆ ಅಷ್ಟೇ ಸುಖವಾಗಿ ಬದುಕುವ ಇನ್ನೊಂದು ಬಂದರೆ, ಒಟ್ಟು ಸುಖದ ಲೆಕ್ಕದಲ್ಲಿ ಏನೂ ಕಡಿಮೆ ಆಗಲಿಲ್ಲವಲ್ಲ ಅಂತ ಅವನು ಒಪ್ಪಿದ. ಕೋಳಿ ಅಂಥ ಪ್ರಾಣಿಗಳ ಸಾಲಿಗೆ ಸೇರಬಹುದು ಅಂತಲೂ ಹೇಳಿದ. ಫಾರ್ಮಿನ ಕೋಳಿಗೆ ಈ ರಿಯಾಯಿತಿ ಸಿಗುವುದಿಲ್ಲ, ಏಕೆಂದರೆ ಅದು ಚೆನ್ನಾಗಿ ಬದುಕುವುದೇ ಇಲ್ಲ ಅನ್ನುವುದು ಅವನ ನಿಲುವು. ಆದರೂ ಬಾಗಿಲು ತೆರೆದೇ ಉಳಿಯಿತು. ಹೊಲದಲ್ಲಿ ಬತ್ತಿದ ಬೆಳೆ ಕಿತ್ತು ಬೇರೆ ಬಿತ್ತಿದ ಹಾಗೆ ಒಂದು ಜೀವ ತೆಗೆದು ಇನ್ನೊಂದು ತುಂಬಬಹುದು.

ಅಮೆರಿಕದ ತತ್ವಜ್ಞಾನಿ ಟಾಮ್ ರೇಗನ್ 1983ರಲ್ಲಿ ಹೊಡೆದದ್ದು ಈ ಜಾಗಕ್ಕೇ. ಅವನು ಒಂದು ಪಾತ್ರೆಯ ಹೋಲಿಕೆ ಕೊಟ್ಟ. ನೀವು ಪ್ರಾಣಿಯನ್ನು ಲೋಟ ಅಂದುಕೊಂಡಿದ್ದೀರಿ, ಸುಖ ದುಃಖ ಅದರಲ್ಲಿರುವ ರಸ ಅಂದುಕೊಂಡಿದ್ದೀರಿ, ಬೆಲೆಯನ್ನೆಲ್ಲ ರಸಕ್ಕೆ ಕೊಟ್ಟು ಲೋಟವನ್ನು ಬಿಸಾಕುತ್ತಿದ್ದೀರಿ ಅಂದ. ನೋಡುವ, ನೆನಪಿಡುವ, ಬಯಸುವ, ತನಗೆ ಒಳ್ಳೆಯದಾಗುತ್ತಿದೆಯೋ ಕೆಟ್ಟದಾಗುತ್ತಿದೆಯೋ ಅನ್ನುವುದು ತಟ್ಟುವ ಜೀವ ತನ್ನ ಬದುಕಿಗೆ ತಾನೇ ಒಡೆಯ. ಅದಕ್ಕೆ ತನ್ನದೇ ಬೆಲೆ ಇದೆ, ಬೇರೆಯವರಿಗೆ ಉಪಯೋಗ ಆದರೂ ಅಷ್ಟೇ, ಆಗದಿದ್ದರೂ ಅಷ್ಟೇ. ಅಂಥ ಜೀವವನ್ನು ಬೇರೆಯವರ ಲಾಭದ ಸಾಧನ ಮಾಡಿಕೊಳ್ಳುವುದೇ ಮೂಲ ತಪ್ಪು. ನೋವು ಆ ತಪ್ಪನ್ನು ಇನ್ನೂ ಕೆಟ್ಟದ್ದು ಮಾಡುತ್ತದೆ ಅಷ್ಟೇ. ಪ್ರಾಣಿಗೂ ಹಕ್ಕು ಇದೆ ಅನ್ನುವ ಇದನ್ನು ಹಕ್ಕಿನ ವಾದ ಅನ್ನೋಣ. ನಿಮ್ಮ ಮಗಳ "ಕೋಳಿ ಏನು ಮಷೀನಾ" ಅನ್ನುವುದು ಇದೇ ಮಾತು. ಗಂಡು ಮರಿಯ ಸಾವು ಯಾಕೆ ತಪ್ಪು ಅಂತ ಅವಳಿಗೆ ವಿವರಿಸಬೇಕಾಗಿಲ್ಲ. ಅದು ಉಪಯೋಗಕ್ಕೆ ಬರಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಸತ್ತಿತು.

ಎರಡು ವಾದದ ನಡುವಿನ ಬಿರುಕು ಜರ್ಮನಿಯ ಕಾನೂನಿನಲ್ಲಿ ಚೆನ್ನಾಗಿ ಕಾಣುತ್ತದೆ. 2022ರ ಜನವರಿಯಿಂದ ಅಲ್ಲಿ ಗಂಡು ಮರಿ ಕೊಲ್ಲುವುದು ನಿಷೇಧ. ಅದರ ಬದಲು ಕಾವಿಗಿಟ್ಟ ತತ್ತಿಯೊಳಗೇ ಹೆಣ್ಣೋ ಗಂಡೋ ಪತ್ತೆ ಮಾಡಿ, ಗಂಡಿದ್ದರೆ ಮರಿ ಆಗುವ ಮುಂಚೆಯೇ ತೆಗೆಯುತ್ತಾರೆ. ಮರಿ ಆಗಲು 21 ದಿನ ಬೇಕು. ಎಷ್ಟನೇ ದಿನದವರೆಗೆ ತೆಗೆಯಬಹುದು? ಮೊದಲು 7ನೇ ದಿನದ ಮುಂಚೆ ಅನ್ನುವ ಮಿತಿ ಇಡುವುದಿತ್ತು. ಮ್ಯೂನಿಕ್‌ನ ಸಂಶೋಧಕರು 13ನೇ ದಿನದ ಮುಂಚೆ ಭ್ರೂಣಕ್ಕೆ ನೋವು ಗೊತ್ತಾಗುವ ಸುಳಿವು ಸಿಗುವುದಿಲ್ಲ ಅಂದ ಮೇಲೆ ಮಿತಿಯನ್ನು ಅಲ್ಲಿಗೆ ಸರಿಸಿದರು. ಇಡೀ ಕಾನೂನು ನೋವಿನ ಗೆರೆಯ ಮೇಲೆ ನಿಂತಿದೆ. ರೇಗನ್ ಕೂಡ ಭ್ರೂಣದ ಬಗ್ಗೆ ದೊಡ್ಡ ತಕರಾರು ತೆಗೆಯುತ್ತಿರಲಿಲ್ಲ, ಅದಕ್ಕೆ ಇನ್ನೂ ಅರಿವೇ ಇಲ್ಲ. ಆದರೆ ಉಳಿದ ಹೆಣ್ಣು ಮರಿ 80ನೇ ವಾರಕ್ಕೆ ತತ್ತಿ ಕಡಿಮೆಯಾಯಿತು ಅಂತ ಕಿಲೋ ಲೆಕ್ಕದಲ್ಲಿ ಲಾರಿ ಹತ್ತುವುದಿದೆಯಲ್ಲ, ಅದರ ಬಗ್ಗೆ ಆ ಕಾನೂನು ಏನೂ ಹೇಳುವುದಿಲ್ಲ. ಐದಾರು ವರ್ಷ ಬದುಕಬಲ್ಲ ಹಕ್ಕಿ ಒಂದೂವರೆ ವರ್ಷಕ್ಕೆ ಮುಗಿಯುತ್ತದೆ.

ಹಾಗಂತ ಹಕ್ಕಿನ ವಾದ ಎಲ್ಲ ಕಡೆ ಗೆದ್ದಿತು ಅಂತ ನಾನು ಹೇಳುವುದಿಲ್ಲ. ಅದಕ್ಕೂ ಕೋಳಿಯೇ ತೊಡಕು. ರೇಗನ್ 1983ರಲ್ಲಿ ಗಟ್ಟಿಯಾಗಿ ಹೇಳಿದ್ದು ಒಂದು ವರ್ಷ ದಾಟಿದ ಸಸ್ತನಿಗಳ ಬಗ್ಗೆ. ಕೋಳಿಗೆ ಅನುಮಾನದ ಲಾಭ ಕೊಡಿ ಅಂದ ಅಷ್ಟೇ. ಹಕ್ಕಿಗಳನ್ನು ಒಳಗೆ ಸೇರಿಸಿದ್ದು ಆಮೇಲೆ. ಫಾರ್ಮ್‌ಗಳಲ್ಲಿ ಸಾಕುವ ನೆಲದ ಪ್ರಾಣಿಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದೇ ಕೋಳಿ. ಅದೇ ಬಾಗಿಲ ಹೊರಗೆ ಕಾಯಬೇಕಾಯಿತು. ಕೋಳಿಗೆ ನೆನಪಿದೆ, ಬಯಕೆ ಇದೆ ಅಂತ ನಾವು ಇವತ್ತು ಧೈರ್ಯವಾಗಿ ಹೇಳುವುದು ಯಾವುದರಿಂದ? ಅದೇ ಭಾರದ ಬಾಗಿಲು, ಅದೇ ಆಯ್ಕೆಯ ಪ್ರಯೋಗ. ಹಕ್ಕಿನ ವಾದಕ್ಕೆ ಬುನಾದಿ ಹಾಕಿಕೊಡುವುದು ಸಂವೇದನೆಯ ವಿಜ್ಞಾನವೇ. ನಿಮ್ಮ ಮಗಳು ಇದನ್ನು ಮರೆಯಬಾರದು.

ಇನ್ನೊಂದು ಕಷ್ಟ ನಮ್ಮ ಊರಿನದೇ. 2021ರ ಕೊನೆಯಲ್ಲಿ ವಿಜಯಪುರ ಸೇರಿದಂತೆ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮಕ್ಕಳಿಗೆ ತತ್ತಿ ಕೊಡಲು ಶುರು ಮಾಡಿದರು. ಸಂವೇದನೆಯ ತಕ್ಕಡಿಯಲ್ಲಿ ಆ ಮಕ್ಕಳ ಹಸಿವಿಗೂ ಜಾಗ ಇದೆ. ಕೋಳಿಯ ಕಷ್ಟ ಕಡಿಮೆ ಮಾಡಿ, ಮಗುವಿಗೆ ತತ್ತಿ ಸಿಗುವ ದಾರಿ ಹುಡುಕು ಅನ್ನುತ್ತದೆ ಅದು. ಹಕ್ಕಿನ ವಾದವನ್ನು ಪೂರ್ತಿ ಹಿಡಿದರೆ, ಒಬ್ಬರ ಒಳ್ಳೆಯದಕ್ಕಾಗಿ ಇನ್ನೊಂದು ಜೀವವನ್ನು ಸಾಧನ ಮಾಡಬಾರದು ಅಂತಲೇ ಹೇಳಬೇಕಾಗುತ್ತದೆ. ಸರ್ಕಾರ ಮಗುವಿಗೆ ಬೇರೆ ಪೌಷ್ಟಿಕ ಆಹಾರ ಕೊಡಲಿ ಅನ್ನಬೇಕಾಗುತ್ತದೆ. ಕೊಡಬಹುದು, ಶೇಂಗಾ ಇದೆ, ಹಾಲಿದೆ, ಬೇಳೆ ಇದೆ. ಆದರೆ ಕೊಡುವವರೆಗೆ ಆ ಮಗುವಿನ ತಟ್ಟೆಯಿಂದ ತತ್ತಿ ತೆಗೆಯಿರಿ ಅಂತ ಹೇಳಲು ನನ್ನಿಂದ ಆಗುವುದಿಲ್ಲ.

ಇದೇ ಜಾಗದಲ್ಲಿ ಇನ್ನೊಂದು ಮಾತು. ನಮ್ಮ ಕಡೆ ತತ್ತಿ ತಿನ್ನದಿರುವುದು ಎಷ್ಟೋ ಸಲ ಜಾತಿಯ ಮಾತಾಗುತ್ತದೆ. ಈ ವಾದಗಳಲ್ಲಿ ಯಾವುದೂ ಅದಕ್ಕೆ ಬಲ ಕೊಡುವುದಿಲ್ಲ. ಡೈರಿಯಲ್ಲಿ ಗಂಡು ಎಮ್ಮೆಗರು ಹುಟ್ಟಿದರೆ ಹಾಲು ಕುಡಿಸದೆ ಸೊರಗಿಸಿ ಸಾಯಿಸುವುದು ನಿಮಗೂ ಗೊತ್ತು. ಹ್ಯಾಚರಿಯ ಗಂಡು ಮರಿಗೂ ಅದಕ್ಕೂ ವ್ಯತ್ಯಾಸ ಇಲ್ಲ. ಹಾಲು ಕುಡಿಯುವವರು ತತ್ತಿ ತಿನ್ನುವವರ ಕಡೆ ಬೆರಳು ತೋರಿಸುವ ಹಾಗಿಲ್ಲ. ನಾನೂ ಹಾಲು ಕುಡಿಯುವವಳೇ, ಅದು ನನಗೆ ಇನ್ನೂ ಬಗೆಹರಿದಿಲ್ಲ.

ಕಾನೂನು ಯಾರ ಕಡೆ ಅಂತ ತಮ್ಮ ಕೇಳಿದರೆ, ಅದು ಸಂವೇದನೆಯ ಕಡೆ ಅನ್ನಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ, ಪ್ರಾಣಿ ತಕ್ಕಮಟ್ಟಿಗೆ ಅಲುಗಾಡಲೂ ಜಾಗ ಇಲ್ಲದ ಪಂಜರದಲ್ಲಿ ಇಡುವುದು ಅಪರಾಧ ಅನ್ನುತ್ತದೆ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಮೇಲಿನ ಅಳತೆ ಓದಿದ ಮೇಲೆ ಆ ಕಲಮಿಗೆ ಏನು ಅರ್ಥ ಉಳಿದಿದೆ ಅಂತ ನೀವೇ ಯೋಚಿಸಿ. ಹಕ್ಕಿನ ಭಾಷೆ ಕೋರ್ಟಿನಲ್ಲಿ ಒಮ್ಮೆ ಜೋರಾಗಿ ಕೇಳಿಸಿತ್ತು. 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪ್ರಾಣಿಗೂ ಘನತೆಯ ಬದುಕಿದೆ ಅಂದಿತು. 2023ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ನಮ್ಮ ರಾಜ್ಯದ ಕಂಬಳ, ಎತ್ತಿನ ಬಂಡಿ ಓಟದ ತಿದ್ದುಪಡಿಯನ್ನೂ ಎತ್ತಿಹಿಡಿಯಿತು. ಪ್ರಾಣಿಗಳಿಗೆ ಮೂಲಭೂತ ಹಕ್ಕಿದೆ ಅನ್ನಲು ಹಿಂದಿನ ಆಧಾರ ಇಲ್ಲ ಅಂತ ಹೇಳಿತು.

ಈಗ ನಿಮ್ಮ ಮನೆಯ ಜಗಳಕ್ಕೆ. ಇಷ್ಟು ವರ್ಷ ಈ ವಿಷಯ ಪಾಠ ಮಾಡಿ ನಾನು ಬಂದು ನಿಂತಿರುವ ಜಾಗ ಹೇಳುತ್ತೇನೆ. ನಿಮ್ಮ ತಮ್ಮ ಹಾಕಬೇಕು ಅಂತಿರುವ ಶೆಡ್ಡಿನ ವಿಷಯದಲ್ಲಿ ಎರಡೂ ವಾದದ ಉತ್ತರ ಒಂದೇ: ಬೇಡ. ಅಲ್ಲಿ ಮಗಳು ಗೆಲ್ಲಲು ಹಕ್ಕಿನವರೆಗೆ ಹೋಗಬೇಕಾಗಿಯೇ ಇಲ್ಲ, ತಮ್ಮನ ಮಾತೇ ಸಾಕು. ಅವರಿಬ್ಬರ ನಿಜವಾದ ಭಿನ್ನಾಭಿಪ್ರಾಯ ಇರುವುದು ಗೂಡಿರುವ, ಹೊಟ್ಟಿರುವ, ಬಯಲಿರುವ ಶೆಡ್ಡಿನ ಬಗ್ಗೆ. ಅಲ್ಲಿ ನಾನು ಮಗಳ ಕಡೆಗೇ ವಾಲುತ್ತೇನೆ, ಗಂಡು ಮರಿಯ ಕಾರಣಕ್ಕೆ. ಆದರೆ ಅಂಥ ಶೆಡ್ಡನ್ನೂ ಕೇಜಿನ ಶೆಡ್ಡನ್ನೂ ಒಂದೇ ತೂಕಕ್ಕೆ ಹಾಕುವವರ ಜೊತೆ ನಾನಿಲ್ಲ. ಗೂಡು ಸಿಕ್ಕ ಕೋಳಿಗೆ ಅದು ದಿನಾ ಸಿಗುತ್ತದೆ.

ಲೋನ್ ಇನ್ನೂ ಆಗಿಲ್ಲ ಅಂದರೆ ತಮ್ಮನಿಗೆ ಎರಡು ಕೆಲಸ ಹೇಳಿ. ಒಂದು, ಮರಿ ತರುವ ಹ್ಯಾಚರಿಗೆ ಹೋಗಿ ಗಂಡು ಮರಿ ಏನು ಮಾಡುತ್ತೀರಿ ಅಂತ ಕೇಳಿ, ಉತ್ತರ ಕೇಳಿಸಿಕೊಂಡು ಬರಲಿ. ಎರಡು, ಯಾವುದಾದರೂ ಕೇಜ್ ಶೆಡ್ಡಿಗೆ ಬೆಳಿಗ್ಗೆ, ಕೋಳಿ ತತ್ತಿ ಇಡುವ ಹೊತ್ತಿಗೆ ಹೋಗಲಿ. ಒಂದೇ ಕೋಳಿಯನ್ನು ಆರಿಸಿಕೊಂಡು ತತ್ತಿ ಹಾಕುವವರೆಗೆ ಅಲ್ಲೇ ನಿಂತು ನೋಡಲಿ. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಲಿ.